ಮೈಸೂರಿನಿಂದ ಹೊಸಪೇಟೆಗೆ ಯಾವ ದಾರಿ? ರೈಲಿನ ಒಟ್ಟು ಸಮಯ ಲೆಕ್ಕ ಹಾಕಿ ಆರಿಸುವುದು ಹೇಗೆ

ಮೈಸೂರಿನಿಂದ ಹಂಪಿಗೆ ರೈಲಿನಲ್ಲಿ ಹೋಗುವವರು ಇಳಿಯಬೇಕಾದ ಸ್ಟೇಷನ್ ಹೊಸಪೇಟೆ. ಅಲ್ಲಿಂದ ಹಂಪಿ ಹದಿಮೂರು ಕಿಲೋಮೀಟರ್ ಅಷ್ಟೇ. ಆದರೆ ಹೊಸಪೇಟೆಯವರೆಗೆ ಹೋಗುವುದಕ್ಕೆ ಒಂದಲ್ಲ, ಮೂರು ದಾರಿ ಇವೆ.

ಮೊದಲನೆಯದು ನೇರ ರೈಲು, ಹಂಪಿ ಎಕ್ಸ್‌ಪ್ರೆಸ್. ಸಂಜೆ ಮೈಸೂರು ಬಿಟ್ಟು ಬೆಂಗಳೂರು, ಗುಂತಕಲ್, ಬಳ್ಳಾರಿ ಸುತ್ತಿಕೊಂಡು ಬೆಳಿಗ್ಗೆ ಹೊಸಪೇಟೆಗೆ ಬರುತ್ತದೆ. ಎರಡನೆಯದು ಹಾಸನ, ಅರಸೀಕೆರೆ, ದಾವಣಗೆರೆ ದಾಟಿ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಇನ್ನೊಂದು ರೈಲು ಹತ್ತಿ ಗದಗ, ಕೊಪ್ಪಳದ ಮೇಲೆ ಹೊಸಪೇಟೆಗೆ ಬರುವುದು. ಮೂರನೆಯದು ಮಧ್ಯಾಹ್ನವೇ ಯಾವುದಾದರೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ರಾತ್ರಿ ಅಲ್ಲಿಂದ ಹೊಸಪೇಟೆ ರೈಲು ಹಿಡಿಯುವುದು.

ಟಿಕೆಟ್ ಬುಕ್ ಮಾಡಲು ಕೂತರೆ ಪ್ರತಿ ದಾರಿಯ ಎದುರು ಒಂದು ಒಟ್ಟು ಗಂಟೆ ಕಾಣುತ್ತದೆ. ಕಡಿಮೆ ಇರುವುದನ್ನು ಆರಿಸೋಣ ಅನ್ನಿಸುವುದು ಸಹಜ. ಒಂದೇ ರೈಲಿನ ಪ್ರಯಾಣಕ್ಕೆ ಆ ಲೆಕ್ಕ ಹೆಚ್ಚುಕಡಿಮೆ ನಡೆಯುತ್ತದೆ. ರೈಲು ಬದಲಿಸುವ ಪ್ರಯಾಣಕ್ಕೆ ನಡೆಯುವುದಿಲ್ಲ. ಯಾಕೆ ಅನ್ನುವುದನ್ನು ಈ ಮೂರು ದಾರಿಗಳನ್ನೇ ಇಟ್ಟುಕೊಂಡು ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಊರು, ದಾರಿ, ಸ್ಟೇಷನ್ ಎಲ್ಲ ನಿಜ. ಕೆಳಗೆ ಬರುವ ಗಂಟೆ ನಿಮಿಷಗಳು ಮಾತ್ರ ಲೆಕ್ಕ ತೋರಿಸಲು ನಾನು ಹಾಕಿಕೊಂಡವು. ರೈಲಿನ ಸಮಯ ಆಗಾಗ ಬದಲಾಗುತ್ತದೆ. ನೀವು ಹೊರಡುವ ದಿನದ ಅಂಕಿಗಳನ್ನು ಇದೇ ಜಾಗದಲ್ಲಿ ಕೂರಿಸಿಕೊಂಡರಾಯಿತು.

ನಿಲುಗಡೆಯನ್ನು ಮತ್ತೆ ಕೂಡಿಸಬೇಡಿ

"ರೈಲು ಹನ್ನೆರಡೂವರೆ ಗಂಟೆ ಓಡುತ್ತೆ, ಇಪ್ಪತ್ತು ಕಡೆ ನಿಲ್ಲುತ್ತೆ, ಒಂದೊಂದು ಕಡೆ ಎರಡು ನಿಮಿಷ ಅಂದರೂ ಇನ್ನೂ ಮುಕ್ಕಾಲು ಗಂಟೆ ಜಾಸ್ತಿ" ಅಂತ ಲೆಕ್ಕ ಹಾಕುವವರಿದ್ದಾರೆ. ಇದು ತಪ್ಪು. ಹತ್ತುವ ಸ್ಟೇಷನ್ನಿನಿಂದ ಹೊರಡುವ ಸಮಯಕ್ಕೂ ಇಳಿಯುವ ಸ್ಟೇಷನ್ನಿಗೆ ತಲುಪುವ ಸಮಯಕ್ಕೂ ಇರುವ ಅಂತರದಲ್ಲಿ ನಡುವಿನ ಎಲ್ಲ ನಿಲುಗಡೆಗಳೂ ಸೇರಿಯೇ ಇರುತ್ತವೆ. ಸಂಜೆ 6.30ಕ್ಕೆ ಹೊರಟು ಮರುದಿನ ಬೆಳಿಗ್ಗೆ 7.00ಕ್ಕೆ ತಲುಪಿದರೆ ಒಟ್ಟು 12 ಗಂಟೆ 30 ನಿಮಿಷ, ಅಷ್ಟೇ.

ಹಾಗಂತ ನಿಲುಗಡೆಯ ಪಟ್ಟಿ ನೋಡುವುದೇ ಬೇಡ ಅಂತಲ್ಲ. ಅದನ್ನು ನೋಡಬೇಕಾದ ಕಾರಣ ಬೇರೆ. ದೊಡ್ಡ ಸ್ಟೇಷನ್ನುಗಳಲ್ಲಿ ಹತ್ತು ಹದಿನೈದು ನಿಮಿಷದ ನಿಲುಗಡೆ ಇರುತ್ತದೆ. ಅಲ್ಲಿ ನೀರು ತುಂಬುತ್ತಾರೆ, ಸಿಬ್ಬಂದಿ ಬದಲಾಗುತ್ತಾರೆ, ಕೆಲವು ಕಡೆ ಎಂಜಿನ್ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ರೈಲು ಲೇಟಾಗಿ ಬಂದರೆ ಈ ನಿಲುಗಡೆಯನ್ನು ಸ್ವಲ್ಪ ಮೊಟಕು ಮಾಡಿ ಬೇಗ ಹೊರಡಿಸುವುದುಂಟು. ಎರಡು ನಿಮಿಷದ ನಿಲುಗಡೆಯಲ್ಲಿ ಮೊಟಕು ಮಾಡಲು ಏನೂ ಇರುವುದಿಲ್ಲ. ಹಾಗಾಗಿ ಉದ್ದನೆಯ ನಿಲುಗಡೆಗಿಂತ ಮುಂಚಿನ ಸ್ಟೇಷನ್ನಿನಲ್ಲಿ ಇಪ್ಪತ್ತು ನಿಮಿಷ ಲೇಟಿದ್ದ ರೈಲು, ಅದರ ಮುಂದಿನ ಸ್ಟೇಷನ್ನಿನಲ್ಲಿ ಹತ್ತೇ ನಿಮಿಷ ಲೇಟಾಗಿರಬಹುದು.

ಇದಕ್ಕಿಂತ ದೊಡ್ಡ ಗುಟ್ಟು ವೇಳಾಪಟ್ಟಿಯ ಕೊನೆಯಲ್ಲಿದೆ. ರೈಲಿನ ಕೊನೆಯ ಒಂದೆರಡು ಸ್ಟೇಷನ್ನುಗಳ ನಡುವೆ ಬೇಕಿರುವುದಕ್ಕಿಂತ ಜಾಸ್ತಿ ಸಮಯ ಇಟ್ಟಿರುತ್ತಾರೆ. ಹಳಿ ರಿಪೇರಿಗೆ, ಎದುರಿನ ರೈಲಿಗೆ ಕಾಯುವುದಕ್ಕೆ ಅಂತ ಕೊಡುವ ಹೆಚ್ಚುವರಿ ನಿಮಿಷಗಳು ಇವು. ಕಂಡುಹಿಡಿಯುವುದು ಸುಲಭ. ಬೆಂಗಳೂರು ಕಂಟೋನ್ಮೆಂಟ್‌ನಿಂದ ಮೆಜೆಸ್ಟಿಕ್‌ಗೆ, ಅಂದರೆ ಕೆಎಸ್ಆರ್ ಬೆಂಗಳೂರಿಗೆ, ನಾಲ್ಕೈದು ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ಹೊರಡುವ ರೈಲಿಗೆ ಕಂಟೋನ್ಮೆಂಟ್ ತಲುಪಲು ಪಟ್ಟಿಯಲ್ಲಿ ಹತ್ತು ನಿಮಿಷದ ಆಸುಪಾಸು ಇರುತ್ತದೆ. ಅದೇ ದೂರಕ್ಕೆ, ಮೆಜೆಸ್ಟಿಕ್‌ನಲ್ಲಿ ಓಟ ಮುಗಿಸುವ ಎಷ್ಟೋ ರೈಲುಗಳಿಗೆ ಅದರ ಎರಡು ಮೂರು ಪಟ್ಟು ಸಮಯ ಕೊಟ್ಟಿರುತ್ತಾರೆ. ಹೋಗುವ ಮತ್ತು ಬರುವ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಎಲ್ಲಿ ಗಾಳಿ ತುಂಬಿದ್ದಾರೆ ಅನ್ನುವುದು ತಾನಾಗಿ ಕಾಣುತ್ತದೆ.

ನಮಗೆ ಇದರಿಂದ ಆಗುವ ಪ್ರಯೋಜನ ಏನು? ನೀವು ರೈಲಿನ ಕೊನೆಯ ಸ್ಟೇಷನ್ನಿನಲ್ಲಿ ಇಳಿಯುವುದಾದರೆ ಆ ಹೆಚ್ಚುವರಿ ನಿಮಿಷಗಳು ನಿಮ್ಮ ಕಡೆಗಿರುತ್ತವೆ. ನಡುವೆ ಎಲ್ಲೋ ಇಳಿದು ರೈಲು ಬದಲಿಸುವುದಾದರೆ ಇರುವುದಿಲ್ಲ. "ಈ ರೈಲು ಸರಿಯಾದ ಸಮಯಕ್ಕೆ ಮುಟ್ಟುತ್ತೆ" ಅಂತ ಯಾರಾದರೂ ಹೇಳಿದರೆ, ಮುಟ್ಟುವುದು ಎಲ್ಲಿಗೆ ಅಂತ ಕೇಳಬೇಕು. ಹಂಪಿ ಎಕ್ಸ್‌ಪ್ರೆಸ್ಸಿಗೆ ಹೊಸಪೇಟೆ ನಡುವಿನ ಸ್ಟೇಷನ್, ಹುಬ್ಬಳ್ಳಿ ಕೊನೆ. ಹುಬ್ಬಳ್ಳಿಗೆ ಅದು ಸರಿಯಾಗಿ ಹೋಗುತ್ತದೆ ಅನ್ನುವ ಮಾತು ಹೊಸಪೇಟೆಯಲ್ಲಿ ಇಳಿಯುವವರಿಗೆ ಅಷ್ಟೇನೂ ಕೆಲಸಕ್ಕೆ ಬರುವುದಿಲ್ಲ.

ಲೇಟಿನ ಲೆಕ್ಕ: ಸರಾಸರಿ ಬೇಡ, ಸಾಲಾಗಿ ಬರೆಯಿರಿ

ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ರೈಲಿನ ನಂಬರ್ ಕೊಟ್ಟು, ಹೊರಟ ದಿನ ಆರಿಸಿದರೆ, ಪ್ರತಿ ಸ್ಟೇಷನ್ನಿಗೂ ಬರಬೇಕಿದ್ದ ಸಮಯ ಮತ್ತು ನಿಜವಾಗಿ ಬಂದ ಸಮಯ ಎರಡೂ ಕಾಣುತ್ತವೆ. ಅದರಲ್ಲಿ ಹಿಂದಿನ ಕೆಲವೇ ದಿನಗಳು ಸಿಗುತ್ತವೆ. ಆದ್ದರಿಂದ ಪ್ರಯಾಣಕ್ಕೆ ಎರಡು ವಾರ ಮೊದಲೇ ಶುರುಮಾಡಿ, ದಿನಾ ಒಂದು ಸಲ ನೋಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಓಟದ ಪಟ್ಟಿ ಇಡುವ ಖಾಸಗಿ ತಾಣಗಳೂ ಇವೆ. ಎಲ್ಲಿ ನೋಡಿದರೂ ನಿಮ್ಮ ಸ್ಟೇಷನ್ನಿನ ಸಾಲನ್ನೇ ನೋಡಿ.

ಹತ್ತು ದಿನದ ಲೇಟು ಸಿಕ್ಕಿತು ಅಂತಿಟ್ಟುಕೊಳ್ಳಿ. ಅದನ್ನು ಕೂಡಿಸಿ ಹತ್ತರಿಂದ ಭಾಗಿಸಬೇಡಿ. ಒಂದು ದಿನ ಎಲ್ಲೋ ಎಂಜಿನ್ ಕೆಟ್ಟು ರೈಲು ಐದು ಗಂಟೆ ನಿಂತಿದ್ದರೆ ಸರಾಸರಿ ಅರ್ಧ ಗಂಟೆ ಮೇಲಕ್ಕೆ ಹೋಗಿಬಿಡುತ್ತದೆ, ಉಳಿದ ಒಂಬತ್ತು ದಿನ ಅದು ಸರಿಯಾಗಿಯೇ ಬಂದಿದ್ದರೂ. ಬದಲಿಗೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ. ನಡುವಿನ ಅಂಕಿ ಮಾಮೂಲಿ ದಿನದ ಲೇಟು. ಒಂಬತ್ತನೆಯ ಅಂಕಿ ಕೆಟ್ಟ ದಿನದ ಲೇಟು. ಹತ್ತನೆಯದನ್ನು ಬಿಟ್ಟುಬಿಡಿ, ಅಂಥ ದಿನಕ್ಕೆ ಯಾವ ಲೆಕ್ಕವೂ ಹೊಂದುವುದಿಲ್ಲ.

ನೇರ ರೈಲು ಹೊಸಪೇಟೆಗೆ ಬಂದ ಲೇಟು ನಿಮಿಷಗಳಲ್ಲಿ ಹೀಗಿದೆ ಅಂದುಕೊಳ್ಳೋಣ: 0, 5, 5, 10, 15, 20, 20, 35, 50, 90. ನಡುವಿನದು 15 ಮತ್ತು 20, ಅಂದರೆ ಮಾಮೂಲಿ ದಿನ ಸುಮಾರು 20 ನಿಮಿಷ. ಕೆಟ್ಟ ದಿನ 50 ನಿಮಿಷ. ಹಾಗಾಗಿ 7.00ಕ್ಕೆ ಬರಬೇಕಾದ ರೈಲು ಮಾಮೂಲಿಯಾಗಿ 7.20ಕ್ಕೆ, ಕೆಟ್ಟ ದಿನ 7.50ಕ್ಕೆ ಬರುತ್ತದೆ. ಮೊದಲ ದಾರಿಯ ಲೆಕ್ಕ ಇಲ್ಲಿಗೆ ಮುಗಿಯಿತು. ಒಂದೇ ರೈಲಿನಲ್ಲಿ ಲೇಟಾದಷ್ಟೇ ಲೇಟು, ಅದಕ್ಕಿಂತ ಹೆಚ್ಚಿಲ್ಲ.

ಈ ಸಾಲು ಬರೆಯುವಾಗ ಎರಡು ವಿಷಯ ಗಮನದಲ್ಲಿರಲಿ. ನಂಬರ್ ಸೊನ್ನೆಯಿಂದ ಶುರುವಾಗುವುದು ಸ್ಪೆಷಲ್ ರೈಲು. ಹಬ್ಬದ ರಜೆಗೆಂದು ಬಿಡುವ ಇಂಥ ರೈಲಿನ ಲೇಟನ್ನು ಮಾಮೂಲಿ ರೈಲಿನ ಲೇಟಿನಿಂದ ಅಂದಾಜು ಮಾಡಲಾಗದು. ಇನ್ನೊಂದು, ದಾರಿಯ ಸ್ವಭಾವ. ಮೈಸೂರು, ಹಾಸನ, ಅರಸೀಕೆರೆ ದಾರಿ ಒಂಟಿ ಹಳಿ. ಅಲ್ಲಿ ಎದುರಿನಿಂದ ಬರುವ ರೈಲು ಲೇಟಾದರೆ ಸರಿಯಾಗಿ ಹೊರಟ ನಿಮ್ಮ ರೈಲೂ ಯಾವುದೋ ಚಿಕ್ಕ ಸ್ಟೇಷನ್ನಿನಲ್ಲಿ ಕ್ರಾಸಿಂಗ್‌ಗೆ ಕಾಯಬೇಕು. ಬಳ್ಳಾರಿ, ತೋರಣಗಲ್ಲು, ಹೊಸಪೇಟೆ ಕಡೆ ಅದಿರು, ಕಲ್ಲಿದ್ದಲು, ಉಕ್ಕಿನ ಗೂಡ್ಸ್ ಗಾಡಿಗಳ ಸಂಚಾರ ವಿಪರೀತ. ಇವು ದಿನಾ ಇರುವ ಕಾರಣಗಳು, ಹಾಗಾಗಿ ಹತ್ತು ದಿನದ ಸಾಲಿನಲ್ಲಿ ಇವುಗಳ ಪರಿಣಾಮ ಆಗಲೇ ಸೇರಿರುತ್ತದೆ. ಮತ್ತೆ ಬೇರೆಯಾಗಿ ಕೂಡಿಸುವುದು ಬೇಡ.

ಕನೆಕ್ಷನ್ ರೈಲಿನ ಕಾಯುವಿಕೆ: ಇಲ್ಲೇ ಎಲ್ಲರೂ ಎಡವುವುದು

ಈಗ ಹುಬ್ಬಳ್ಳಿ ದಾರಿ. ರಾತ್ರಿ 8.00ಕ್ಕೆ ಮೈಸೂರು ಬಿಡುವ ರೈಲು ಬೆಳಿಗ್ಗೆ 5.30ಕ್ಕೆ ಹುಬ್ಬಳ್ಳಿ ತಲುಪಬೇಕು. ಹುಬ್ಬಳ್ಳಿಯಿಂದ ಹೊಸಪೇಟೆ ಸುಮಾರು 145 ಕಿಲೋಮೀಟರ್. ಆ ಕಡೆಗೆ ಮೂರು ರೈಲು ಇವೆ ಅಂದುಕೊಳ್ಳಿ. 5.50ಕ್ಕೆ ಹೊರಟು 8.30ಕ್ಕೆ ಮುಟ್ಟುವುದು. 6.30ಕ್ಕೆ ಹೊರಟು 9.15ಕ್ಕೆ ಮುಟ್ಟುವುದು. ಆಮೇಲೆ 10.00ಕ್ಕೆ ಹೊರಟು 12.45ಕ್ಕೆ ಮುಟ್ಟುವುದು.

5.50ರ ರೈಲು ಹಿಡಿದರೆ ಒಟ್ಟು 12 ಗಂಟೆ 30 ನಿಮಿಷ. ನೇರ ರೈಲಿಗೂ ಅಷ್ಟೇ ಇತ್ತು ಅಲ್ವಾ? ಪರದೆಯ ಮೇಲೆ ಎರಡೂ ಸಮ. ಇನ್ನೊಂದೂವರೆ ಗಂಟೆ ತಡವಾಗಿ ಹೊರಡಬಹುದು ಅನ್ನುವ ಲಾಭ ಬೇರೆ.

ಇದು ನಿಜವಾಗಿ ನಡೆಯುತ್ತದೆಯೇ ಅನ್ನಲು ಮೊದಲು ಒಂದು ಪ್ರಶ್ನೆ: ಹುಬ್ಬಳ್ಳಿಯಲ್ಲಿ ಒಂದು ರೈಲಿನಿಂದ ಇಳಿದು ಇನ್ನೊಂದಕ್ಕೆ ಹತ್ತಲು ಎಷ್ಟು ನಿಮಿಷ ಬೇಕು? ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ಸ್ಟೇಷನ್ನಿನಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಇದೆ. 2023ರಲ್ಲಿ ಉದ್ಘಾಟನೆಯಾದ ಇದು ಜಗತ್ತಿನಲ್ಲೇ ಅತಿ ಉದ್ದದ್ದು. ಹೆಮ್ಮೆ ಪಡಲು ಚೆಂದ, ಸೂಟ್‌ಕೇಸ್ ಎಳೆಯಲು ಅಲ್ಲ. ಒಂದು ತುದಿಯಿಂದ ಇನ್ನೊಂದಕ್ಕೆ ಸುಮ್ನೆ ನಡೆದರೂ ಇಪ್ಪತ್ತು ನಿಮಿಷ. ಎಲ್ಲ ರೈಲೂ ಅಲ್ಲಿಗೇ ಬರುವುದಿಲ್ಲ, ನೀವು ಪೂರ್ತಿ ಉದ್ದ ನಡೆಯಬೇಕಾಗಿಯೂ ಇಲ್ಲ. ಆದರೂ ನಿಮ್ಮ ಬೋಗಿ ಹಿಂದಿನ ತುದಿಯಲ್ಲಿದ್ದು, ಮುಂದಿನ ರೈಲು ಬೇರೆ ಪ್ಲಾಟ್‌ಫಾರಂನಲ್ಲಿದ್ದರೆ, ಮೇಲ್ಸೇತುವೆ ಹತ್ತಿ ಇಳಿಯುವುದೂ ಸೇರಿ ಹದಿನೈದು ನಿಮಿಷ ಬೇಕೇ ಬೇಕು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಲಿಫ್ಟಿನ ಸಾಲು ಸೇರಿ ಇಪ್ಪತ್ತೈದು ಅನ್ನಿ. ನಮ್ಮ ಲೆಕ್ಕಕ್ಕೆ ಹದಿನೈದು ಇಟ್ಟುಕೊಳ್ಳೋಣ.

ಅಂದರೆ ಇಪ್ಪತ್ತು ನಿಮಿಷದ ಕಾಯುವಿಕೆಯಲ್ಲಿ ಲೇಟಿಗೆ ಉಳಿದ ಜಾಗ ಬರೀ ಐದು ನಿಮಿಷ. ಮೊದಲ ರೈಲು ಹುಬ್ಬಳ್ಳಿಗೆ ಬಂದ ಲೇಟಿನ ಸಾಲು ಹೀಗಿದೆ ಅಂದುಕೊಳ್ಳಿ: 0, 0, 5, 10, 15, 20, 30, 40, 60, 75. ಒಳ್ಳೆಯ ರೈಲೇ. ಮಾಮೂಲಿ ಲೇಟು 20 ನಿಮಿಷದೊಳಗೇ ಇದೆ. ಆದರೆ ಐದು ನಿಮಿಷದೊಳಗೆ ಬಂದದ್ದು ಹತ್ತರಲ್ಲಿ ಮೂರೇ ದಿನ. ಆ ಮೂರು ದಿನ ಮಾತ್ರ ನೀವು 8.30ಕ್ಕೆ ಹೊಸಪೇಟೆಯಲ್ಲಿರುತ್ತೀರಿ. 10ರಿಂದ 40 ನಿಮಿಷ ಲೇಟಾದ ಐದು ದಿನ 6.30ರ ರೈಲು ಸಿಗುತ್ತದೆ, 9.15ಕ್ಕೆ ತಲುಪುತ್ತೀರಿ. ಉಳಿದ ಎರಡು ದಿನ ಅದೂ ತಪ್ಪಿ, 10.00ರ ರೈಲಿನಲ್ಲಿ 12.45ಕ್ಕೆ.

ಪರದೆಯ ಮೇಲೆ 12 ಗಂಟೆ 30 ನಿಮಿಷ ಇದ್ದ ಪ್ರಯಾಣ ಮಾಮೂಲಿ ದಿನದಲ್ಲಿ 13 ಗಂಟೆ 15 ನಿಮಿಷ, ಕೆಟ್ಟ ದಿನದಲ್ಲಿ 16 ಗಂಟೆ 45 ನಿಮಿಷ. ಇಲ್ಲಿ ಯಾವ ರೈಲೂ ಮಹಾ ಲೇಟಾಗಿಲ್ಲ ಅನ್ನುವುದನ್ನು ನೋಡಿ. ಹತ್ತು ನಿಮಿಷ ಲೇಟಾದರೆ ನಲವತ್ತೈದು ನಿಮಿಷ ಹೋಯಿತು, ಒಂದು ಗಂಟೆ ಲೇಟಾದರೆ ನಾಲ್ಕೂಕಾಲು ಗಂಟೆ ಹೋಯಿತು. ಕನೆಕ್ಷನ್ ಇದ್ದಲ್ಲಿ ಲೇಟು ನಿಮಿಷಕ್ಕೆ ನಿಮಿಷ ಅಂತ ಏರುವುದಿಲ್ಲ. ಒಂದು ಹಂತದವರೆಗೆ ಏನೂ ಆಗುವುದಿಲ್ಲ, ಅದು ದಾಟಿದ ಕೂಡಲೇ ಮುಂದಿನ ರೈಲಿನವರೆಗೆ ನೆಗೆದುಬಿಡುತ್ತದೆ.

ಈಗ ಮೊದಲೇ 6.30ರ ರೈಲಿಗೆ ಟಿಕೆಟ್ ಮಾಡಿಸಿದರೆ? ಪರದೆಯ ಮೇಲೆ 13 ಗಂಟೆ 15 ನಿಮಿಷ, ಹುಬ್ಬಳ್ಳಿಯಲ್ಲಿ ಒಂದು ಗಂಟೆ ಕಾಯಬೇಕು. ನೋಡಲು ಇದು ಮುಕ್ಕಾಲು ಗಂಟೆ ನಿಧಾನ. ಆದರೆ ಪ್ಲಾಟ್‌ಫಾರಂ ಬದಲಿಸುವ ಹದಿನೈದು ನಿಮಿಷ ಕಳೆದರೂ ನಲವತ್ತೈದು ನಿಮಿಷದ ಲೇಟನ್ನು ಅದು ನುಂಗಿಕೊಳ್ಳುತ್ತದೆ. ಹತ್ತರಲ್ಲಿ ಎಂಟು ದಿನ 9.15ಕ್ಕೆ ತಲುಪುತ್ತೀರಿ. ಮೊದಲ ರೈಲು ಸರಿಯಾಗಿ ಬಂದರೂ 9.15, ನಲವತ್ತು ನಿಮಿಷ ಲೇಟಾದರೂ 9.15. ಮೊದಲ ರೈಲಿನ ಲೇಟು ಒಟ್ಟು ಸಮಯಕ್ಕೆ ಸೇರಲೇ ಇಲ್ಲ, ಕಾಯುವ ಸಮಯದಲ್ಲಿ ಕರಗಿಹೋಯಿತು.

ಆದ್ದರಿಂದ ಓಟದ ಸಮಯ, ಲೇಟು, ಕಾಯುವ ಸಮಯ ಮೂರನ್ನೂ ಕೂಡಿಸುವುದು ತಪ್ಪು ಲೆಕ್ಕ. ಲೇಟನ್ನು ಕಾಯುವ ಸಮಯದಿಂದ ಕಳೆಯಬೇಕು. ಕಳೆದ ಮೇಲೆ ಪ್ಲಾಟ್‌ಫಾರಂ ಬದಲಿಸುವಷ್ಟು ನಿಮಿಷ ಉಳಿದರೆ ಎರಡನೆಯ ರೈಲು ಮುಟ್ಟುವ ಸಮಯವೇ ನಿಮ್ಮ ಸಮಯ. ಉಳಿಯದಿದ್ದರೆ ಅದರ ಮುಂದಿನ ರೈಲಿನ ಸಮಯ. ಆ ಕೊನೆಯ ರೈಲಿನ ಲೇಟನ್ನು ಮಾತ್ರ ಕೂಡಿಸಬೇಕು. ಹುಬ್ಬಳ್ಳಿ ಹೊಸಪೇಟೆ ರೈಲಿಗೆ ಮಾಮೂಲಿಯಾಗಿ ಹತ್ತು ನಿಮಿಷ ಅಂತ ಇಟ್ಟರೆ 9.25 ಆಯಿತು.

ಒಂದು ಉಪಪ್ರಶ್ನೆ ಬರುತ್ತದೆ. ಎರಡನೆಯ ರೈಲೂ ಲೇಟಾಗಿ ಹೊರಟರೆ ನಮಗೆ ಸಿಕ್ಕಿಬಿಡುತ್ತದಲ್ಲ? ಸಿಗಬಹುದು. ಆದರೆ ಅದು ಎಲ್ಲಿಂದ ಬರುವ ರೈಲು ನೋಡಿ. ಹುಬ್ಬಳ್ಳಿಯಲ್ಲೇ ಶುರುವಾಗುವ ರೈಲು ಸಾಮಾನ್ಯವಾಗಿ ಸರಿಯಾದ ಸಮಯಕ್ಕೇ ಹೊರಡುತ್ತದೆ, ನಿಮಗಾಗಿ ಕಾಯುವುದಿಲ್ಲ. ಗೋವಾ ಕಡೆಯಿಂದಲೋ ಬೆಳಗಾವಿ ಕಡೆಯಿಂದಲೋ ಬಂದು ಹುಬ್ಬಳ್ಳಿ ದಾಟಿ ಹೋಗುವ ರೈಲಿಗೆ ಅದರದೇ ಲೇಟು ಇರುತ್ತದೆ. ಅಂಥದ್ದು ತಪ್ಪುವ ಸಂಭವ ಕಡಿಮೆ, ಆದರೆ ಅದಕ್ಕೆ ಕಾಯುತ್ತಾ ಕೂರುವ ಸಂಭವ ಜಾಸ್ತಿ. ಲೇಟಾಗುತ್ತದೆ ಅಂತ ನಂಬಿ ಕಿರಿದಾದ ಕನೆಕ್ಷನ್ ಹಿಡಿಯುವುದು ಮಾತ್ರ ಬೇಡ. ನೀವು ಹೋಗುವ ದಿನವೇ ಅದು ಸರಿಯಾಗಿ ಬಂದುಬಿಟ್ಟರೆ?

ಬೆಂಗಳೂರಿನಲ್ಲಿ ಬದಲಿಸಿದರೆ

ಮೂರನೆಯ ದಾರಿ ಕಾಗದದ ಮೇಲೆ ಅತಿ ನಿಧಾನ. ಮಧ್ಯಾಹ್ನ 4.30ಕ್ಕೆ ಮೈಸೂರು ಬಿಟ್ಟು 7.30ಕ್ಕೆ ಬೆಂಗಳೂರು, ರಾತ್ರಿ 10.00ಕ್ಕೆ ಅಲ್ಲಿಂದ ಹೊರಟು ಬೆಳಿಗ್ಗೆ 6.40ಕ್ಕೆ ಹೊಸಪೇಟೆ ಅಂತಿಟ್ಟುಕೊಳ್ಳೋಣ. ಒಟ್ಟು 14 ಗಂಟೆ 10 ನಿಮಿಷ.

ಆದರೆ ಇದಕ್ಕೊಂದು ಗಟ್ಟಿತನ ಇದೆ. ಮೈಸೂರು ಬೆಂಗಳೂರು 138 ಕಿಲೋಮೀಟರ್, ಜೋಡಿ ಹಳಿ, ದಿನಕ್ಕೆ ಬೇಕಾದಷ್ಟು ರೈಲು. 4.30ರದ್ದು ತಪ್ಪಿದರೆ ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಸಿಗುತ್ತದೆ, ಅದೂ ಇಲ್ಲದಿದ್ದರೆ ಬಸ್ಸು ಇದೆ. ಎರಡೂವರೆ ಗಂಟೆಯ ಕಾಯುವಿಕೆ ಇರುವಾಗ ಮೊದಲ ರೈಲು ಒಂದು ಗಂಟೆ ಲೇಟಾದರೂ ಚಿಂತೆ ಇಲ್ಲ. ಹತ್ತಕ್ಕೆ ಹತ್ತೂ ದಿನ ರಾತ್ರಿಯ ರೈಲು ಸಿಗುತ್ತದೆ. ಆ ರೈಲು ಹೊಸಪೇಟೆಗೆ ಮಾಮೂಲಿಯಾಗಿ ಇಪ್ಪತ್ತು ನಿಮಿಷ, ಕೆಟ್ಟ ದಿನ ಐವತ್ತು ನಿಮಿಷ ಲೇಟು ಅಂದರೆ 7.00 ಅಥವಾ 7.30.

ಹುಬ್ಬಳ್ಳಿ ದಾರಿಯಲ್ಲಿ ಒಂದು ಗಂಟೆ ಕಾಯುವುದು ಯಾಕೆ ಅಪಾಯ, ಬೆಂಗಳೂರಿನಲ್ಲಿ ಎರಡೂವರೆ ಗಂಟೆ ಯಾಕೆ ನೆಮ್ಮದಿ ಅಂದರೆ, ಮೊದಲ ತುಂಡಿನ ಉದ್ದ. ಒಂಬತ್ತೂವರೆ ಗಂಟೆ ಓಡಿ ಬಂದ ರೈಲಿಗೆ ಲೇಟಾಗಲು ಒಂಬತ್ತೂವರೆ ಗಂಟೆಯ ಅವಕಾಶ ಇರುತ್ತದೆ. ಮೂರು ಗಂಟೆ ಓಡಿದ್ದಕ್ಕೆ ಮೂರೇ ಗಂಟೆಯದು. ಆದ್ದರಿಂದ ಬದಲಿಸಲೇಬೇಕು ಅಂದರೆ, ಚಿಕ್ಕ ತುಂಡು ಮೊದಲು ಬರುವಂತೆ, ಉದ್ದ ತುಂಡು ಆಮೇಲೆ ಬರುವಂತೆ ಆರಿಸಿ.

ಬೆಂಗಳೂರಿನಲ್ಲಿ ಒಂದೇ ತೊಡಕು, ಸ್ಟೇಷನ್ನುಗಳು ಹಲವು. ಮೈಸೂರಿನ ರೈಲು ಮೆಜೆಸ್ಟಿಕ್‌ಗೆ ಬಂದು, ರಾತ್ರಿಯ ರೈಲು ಯಶವಂತಪುರದಿಂದಲೋ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದಲೋ ಹೊರಡುವುದಾದರೆ, ಪ್ಲಾಟ್‌ಫಾರಂ ಬದಲಿಸುವ ಹದಿನೈದು ನಿಮಿಷದ ಜಾಗದಲ್ಲಿ ಸಂಜೆಯ ಟ್ರಾಫಿಕ್ಕಿನ ಒಂದೂವರೆ ಗಂಟೆ ಬಂದು ಕೂರುತ್ತದೆ. ಎರಡೂವರೆ ಗಂಟೆಯಲ್ಲಿ ಉಳಿಯುವುದು ಒಂದೇ ಗಂಟೆ. ಟಿಕೆಟ್‌ನಲ್ಲಿ ಸ್ಟೇಷನ್ನಿನ ಪೂರ್ತಿ ಹೆಸರು ಓದಿ.

ಪಕ್ಕಪಕ್ಕ ಇಟ್ಟು ನೋಡಿದರೆ

| ದಾರಿ | ಪರದೆಯ ಮೇಲೆ | ಮಾಮೂಲಿ ದಿನ ಹೊಸಪೇಟೆಗೆ | ಕೆಟ್ಟ ದಿನ ಹೊಸಪೇಟೆಗೆ |
|---|---|---|---|
| ನೇರ ರೈಲು | 12 ಗಂ. 30 ನಿ. | 7.20 | 7.50 |
| ಹುಬ್ಬಳ್ಳಿ, 20 ನಿಮಿಷದ ಕನೆಕ್ಷನ್ | 12 ಗಂ. 30 ನಿ. | 9.25 | 12.45ರ ನಂತರ |
| ಹುಬ್ಬಳ್ಳಿ, ಒಂದು ಗಂಟೆಯ ಕನೆಕ್ಷನ್ | 13 ಗಂ. 15 ನಿ. | 9.25 | 12.45ರ ನಂತರ |
| ಬೆಂಗಳೂರಿನಲ್ಲಿ ಬದಲಿಸಿ | 14 ಗಂ. 10 ನಿ. | 7.00 | 7.30 |

ಹುಬ್ಬಳ್ಳಿಯ ಎರಡು ಸಾಲುಗಳ ಕೊನೆಯ ಎರಡು ಅಂಕಣ ಒಂದೇ ಆಗಿವೆ. ಮಾಮೂಲಿ ದಿನದಲ್ಲಿ ನೀವು ಹೇಗಿದ್ದರೂ 6.30ರ ರೈಲಿನಲ್ಲೇ ಹೋಗುವುದು. ವ್ಯತ್ಯಾಸ ಇರುವುದು ಕೈಯಲ್ಲಿರುವ ಟಿಕೆಟ್‌ನಲ್ಲಿ. 5.50ರ ರೈಲಿಗೆ ಮಾಡಿಸಿದ ರಿಸರ್ವೇಷನ್ 6.30ರದ್ದಕ್ಕೆ ನಡೆಯುವುದಿಲ್ಲ. ಜನರಲ್ ಟಿಕೆಟ್ ತೆಗೆದುಕೊಂಡು ನೂಕುನುಗ್ಗಲಿನಲ್ಲಿ ನಿಂತು ಹೋಗಬೇಕು, ಜೊತೆಗೆ ಕಾದಿರಿಸಿದ ಸೀಟಿನ ದುಡ್ಡಿನ ಹಿಂದೆ ಓಡಾಡಬೇಕು. ಅಷ್ಟಕ್ಕಾಗಿ ಹತ್ತರಲ್ಲಿ ಮೂರು ದಿನ ಮುಕ್ಕಾಲು ಗಂಟೆ ಉಳಿಸುವುದು ನನಗಂತೂ ಸರಿಕಾಣುವುದಿಲ್ಲ.

ನೇರ ರೈಲಿನಲ್ಲಿ ಸೀಟು ಸಿಕ್ಕರೆ ಮಾತೇ ಇಲ್ಲ, ಅದನ್ನೇ ಹಿಡಿಯಿರಿ. ಸಿಗದೆ ವೇಟಿಂಗ್ ಲಿಸ್ಟ್ ಬಂದಾಗಲೇ ಉಳಿದವುಗಳ ಯೋಚನೆ ಬರುವುದು. ಆಗ ಯಾವುದು ಅನ್ನುವುದು ಹೊಸಪೇಟೆಯಲ್ಲಿ ನಿಮಗೆ ಏನು ಕೆಲಸ ಅನ್ನುವುದರ ಮೇಲೆ ನಿಂತಿದೆ. ಬೆಳಿಗ್ಗೆ ಹತ್ತಕ್ಕೆ ಮುಹೂರ್ತ ಇರುವ ಮದುವೆಗೆ ಹೊರಟವರು ಕೆಟ್ಟ ದಿನದ ಅಂಕಣವನ್ನು ಮಾತ್ರ ನೋಡಬೇಕು. ಅವರಿಗೆ ಹುಬ್ಬಳ್ಳಿ ದಾರಿ ಬೇಡವೇ ಬೇಡ, ಬೆಂಗಳೂರೇ ಸರಿ. ಸುಮ್ನೆ ಹಂಪಿ ನೋಡಲು ಹೊರಟವರಿಗೆ 9.25 ಆದರೂ ನಡೆಯುತ್ತದೆ. ಹತ್ತರಲ್ಲಿ ಎರಡು ದಿನ ಮಧ್ಯಾಹ್ನ ಒಂದರ ಬಿಸಿಲಿಗೆ ಇಳಿಯಬೇಕಾದೀತು, ಆ ದಿನದ ಸುತ್ತಾಟ ಸಂಜೆಗೆ ಹೋಗುತ್ತದೆ ಅಷ್ಟೇ. ಅಂಥವರಿಗೆ ಮಧ್ಯಾಹ್ನವೇ ಮನೆ ಬಿಡುವುದಕ್ಕಿಂತ ರಾತ್ರಿ ಊಟ ಮುಗಿಸಿ ಎಂಟಕ್ಕೆ ಹೊರಡುವುದು ಹಿತ ಅನ್ನಿಸಬಹುದು. ಮೈಸೂರಿನಲ್ಲಿ ಕಳೆಯುವ ಮೂರೂವರೆ ಗಂಟೆಗೂ ಬೆಲೆ ಇದೆ.

ಹಾಸನದಿಂದ ಹೊರಡುವವರಿಗೆ ಇದೇ ಪಟ್ಟಿ ಬೇರೆಯದೇ ಆಗುತ್ತದೆ ಅನ್ನುವುದೂ ನೆನಪಿರಲಿ. ಅವರಿಗೆ ಬೆಂಗಳೂರು ಹಿಂದಕ್ಕೆ ಹೋಗುವ ದಾರಿ, ಹುಬ್ಬಳ್ಳಿ ಮುಂದಕ್ಕೆ. ಹಾಗಾಗಿ ಬೇರೆಯವರ ತೀರ್ಮಾನವನ್ನು ಹಾಗೇ ತೆಗೆದುಕೊಳ್ಳಬೇಡಿ, ಸಾಲು ನೀವೇ ಬರೆಯಿರಿ.

ಟಿಕೆಟ್ ಮಾಡಿಸುವಾಗ

ರೈಲು ಬದಲಿಸುವ ಪ್ರಯಾಣಕ್ಕೆ ಎರಡು ಟಿಕೆಟ್ ಬೇಕು, ಎರಡು ಪಿಎನ್‌ಆರ್ ನಂಬರ್ ಬರುತ್ತವೆ. 2019ರ ಏಪ್ರಿಲ್ 1ರಿಂದ ಇವೆರಡನ್ನೂ ಒಂದಕ್ಕೊಂದು ಜೋಡಿಸುವ ವ್ಯವಸ್ಥೆ ಇದೆ. ಎರಡೂ ಟಿಕೆಟ್‌ನಲ್ಲಿ ಪ್ರಯಾಣಿಕರ ವಿವರ ಒಂದೇ ಆಗಿರಬೇಕು, ಮೊದಲ ರೈಲು ಇಳಿಸುವ ಜಾಗ ಮತ್ತು ಎರಡನೆಯದು ಹತ್ತುವ ಜಾಗ ಹೊಂದಬೇಕು. ಹೀಗೆ ಜೋಡಿಸಿದ್ದರೆ, ಮೊದಲ ರೈಲು ಲೇಟಾಗಿ ಎರಡನೆಯದು ತಪ್ಪಿದಾಗ ಆ ಎರಡನೆಯ ಟಿಕೆಟ್‌ನ ಹಣ ರದ್ದತಿ ಶುಲ್ಕ ಇಲ್ಲದೆ ವಾಪಸ್ ಸಿಗುತ್ತದೆ. ಆನ್‌ಲೈನ್ ಟಿಕೆಟ್ ಆದರೆ ಅದಕ್ಕೆ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ, ಹಾಕಬೇಕು. ಬೇರೆ ಬೇರೆಯಾಗಿ ಮಾಡಿಸಿದ್ದರೆ ಎರಡನೆಯ ರೈಲಿನ ಲೆಕ್ಕದಲ್ಲಿ ನೀವು ಬರಲಿಲ್ಲ ಅಷ್ಟೇ, ಯಾಕೆ ಅನ್ನುವುದು ಅದಕ್ಕೆ ಬೇಡ.

ಇದರಿಂದ ಬರುವುದು ಹಣ ಮಾತ್ರ. ಮುಂದಿನ ರೈಲಿನಲ್ಲಿ ಸೀಟು ಯಾರೂ ಕೊಡುವುದಿಲ್ಲ. ಆದ್ದರಿಂದ ಬುಕ್ ಮಾಡುವ ಹೊತ್ತಿಗೇ, ಕನೆಕ್ಷನ್ ತಪ್ಪಿದರೆ ಹತ್ತುವ ರೈಲು ಯಾವುದು, ಅದರಲ್ಲಿ ಜನರಲ್ ಬೋಗಿ ಎಷ್ಟಿವೆ, ಅದು ವಾರದ ಎಲ್ಲ ದಿನ ಓಡುತ್ತದೆಯೇ ಅನ್ನುವುದನ್ನು ನೋಡಿಟ್ಟುಕೊಳ್ಳಿ. ಹುಬ್ಬಳ್ಳಿಯ ಲೆಕ್ಕದಲ್ಲಿ 10.00ರ ರೈಲು ಇತ್ತು ಅಂತ ಕೆಟ್ಟ ದಿನವೂ 12.45ಕ್ಕೆ ನಿಂತಿತು. ಆ ರೈಲು ವಾರಕ್ಕೆ ಮೂರೇ ದಿನ ಓಡುವುದಾಗಿದ್ದರೆ, ಉಳಿದ ದಿನಗಳಲ್ಲಿ ಹುಬ್ಬಳ್ಳಿಯಿಂದ ಬಸ್ಸಿನ ಸಮಯವನ್ನೇ ಆ ಜಾಗಕ್ಕೆ ಹಾಕಿ ಲೆಕ್ಕ ಮಾಡಬೇಕು.

ಮಧ್ಯರಾತ್ರಿ ದಾಟಿ ಹತ್ತುವ ರೈಲಿದ್ದರೆ ತಾರೀಕು ಎರಡು ಸಲ ನೋಡಿ. ವೇಳಾಪಟ್ಟಿಯಲ್ಲಿ ಒಂದನೇ ದಿನ, ಎರಡನೇ ದಿನ ಅಂತ ಇರುವುದು ರೈಲು ಶುರುವಾದ ಸ್ಟೇಷನ್ನಿನಿಂದ ಎಣಿಸಿದ್ದು, ನೀವು ಹತ್ತಿದಲ್ಲಿಂದ ಅಲ್ಲ. ಎನ್‌ಟಿಇಎಸ್‌ನಲ್ಲಿ ನಿನ್ನೆ ಹೊರಟ ಓಟ ನೋಡಬೇಕಾದಲ್ಲಿ ಇವತ್ತಿನದನ್ನು ಆರಿಸಿದರೆ ಬೇರೆ ದಿನದ ರೈಲಿನ ಲೇಟು ಕಾಣಿಸುತ್ತದೆ, ನಿಮ್ಮ ಹತ್ತು ದಿನದ ಸಾಲೂ ಒಂದು ದಿನ ಆಚೀಚೆ ಆಗುತ್ತದೆ. 12.15ಕ್ಕೆ ಹತ್ತುವವರು 11.45ಕ್ಕೆ ಮನೆ ಬಿಡುವುದು ಹಿಂದಿನ ತಾರೀಕಿನ ರಾತ್ರಿ, ಟಿಕೆಟ್‌ನಲ್ಲಿರುವುದು ಮರುದಿನದ ತಾರೀಕು.